ಹೆಬ್ಬೆರಳ ಉಗುರಿನಷ್ಟು ಕನ್ನಡ

ಕಾರ್ಕ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಏಳು ವರ್ಷ. ಕನ್ನಡ ಚೆನ್ನಾಗಿ ಮಾತಾಡ್ತಾಳೆ, ಆದರೆ ಟೈಪ್ ಮಾಡೋಕೆ ಬರಲ್ಲ. ನನ್ನ ಫೋನಿನಿಂದ ಅಜ್ಜಿಗೆ ದಿನಾ ಸ್ಟಿಕರ್ ಕಳಿಸ್ತಾಳೆ. ಹುಡುಕಿದರೆ ಕನ್ನಡ ಸ್ಟಿಕರ್ ಪ್ಯಾಕ್‌ಗಳು ಬೇಕಾದಷ್ಟು ಸಿಗುತ್ತವೆ. ಯಾವುದು ಒಳ್ಳೆಯದು ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು?"

ಈ ಪ್ರಶ್ನೆಗೆ ಪ್ಯಾಕ್‌ಗಳ ಹೆಸರು ಹೇಳಿ ಉತ್ತರ ಕೊಡುವುದು ಸುಲಭ, ಆದರೆ ಅದರಿಂದ ನಿಮಗೆ ಉಪಯೋಗವಿಲ್ಲ. ಇವತ್ತು ಇದ್ದ ಪ್ಯಾಕ್ ಮುಂದಿನ ತಿಂಗಳು ಇರುವುದಿಲ್ಲ. ಅದರ ಬದಲು, ನಮ್ಮ ಡಬ್ಲಿನ್ ಕಡೆಯ ಕನ್ನಡ ತರಗತಿಯ ಕೆಲವು ಅಪ್ಪ ಅಮ್ಮಂದಿರು ಸೇರಿ ಬರೆದ 24 ಸ್ಟಿಕರ್‌ಗಳ ಒಂದು ಪ್ಯಾಕನ್ನು ನಾವು ಹೇಗೆ ಪರೀಕ್ಷೆ ಮಾಡಿದೆವು, ಯಾವುದು ಗೆದ್ದಿತು, ಯಾವುದು ಬಿತ್ತು ಎಂದು ಹೇಳುತ್ತೇನೆ. ಅದೇ ಅಳತೆಗೋಲನ್ನು ನೀವು ಯಾವ ಪ್ಯಾಕಿಗೆ ಬೇಕಾದರೂ ಹಿಡಿಯಬಹುದು.

ಮೊದಲು ಒಂದು ಸಂಗತಿ. ಇಲ್ಲಿಂದ ಊರಿಗೆ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಮಗು ಶಾಲೆ, ಆಫ್ಟರ್‌ಸ್ಕೂಲ್ ಮುಗಿಸಿ ಮನೆಗೆ ಬಂದು ಊಟಕ್ಕೆ ಕೂರುವ ಹೊತ್ತಿಗೆ ಅಜ್ಜಿ ಮಲಗಿರುತ್ತಾರೆ. ಅಜ್ಜಿ ಎದ್ದು ಕಾಫಿ ಕುಡಿಯುತ್ತಾ ಫೋನ್ ನೋಡುವಾಗ ಮಗು ಮಲಗಿರುತ್ತದೆ. ಅಂದರೆ ಸ್ಟಿಕರ್ ಒಂಟಿಯಾಗಿ ಹೋಗುತ್ತದೆ. "ಏನಮ್ಮಾ ಇದು?" ಅಂತ ಕೇಳಿದರೆ ಹೇಳಲು ಆಗ ಯಾರೂ ಎಚ್ಚರವಾಗಿರುವುದಿಲ್ಲ. ನಮ್ಮ ತರಗತಿಯ ಒಂದು ಮನೆಯಲ್ಲಿ ಆದದ್ದು ಹೀಗೆ: ಕಳೆದ ಚಳಿಗಾಲದಲ್ಲಿ ಹುಡುಗಿ ಮಲಗುವ ಮುಂಚೆ ಒಂದು ಸ್ಟಿಕರ್ ಕಳಿಸಿ ಮಲಗಿದಳು. ಹಾಸನದಲ್ಲಿ ಅಜ್ಜಿ ಬೆಳಿಗ್ಗೆ ಆರು ಗಂಟೆಗೆ ನೋಡಿ ಗಾಬರಿಯಿಂದ ಫೋನ್ ಮಾಡಿದರು. ಇಲ್ಲಿ ರಾತ್ರಿ ಹನ್ನೆರಡೂವರೆ. "ಮಗು ಯಾಕೆ ಅಷ್ಟೊಂದು ಅಳ್ತಿದೆ? ಹುಷಾರಿಲ್ವಾ?" ಮಗು ಕಳಿಸಿದ್ದು ನಗುವ ಸ್ಟಿಕರ್. "ನಕ್ಕು ನಕ್ಕು ಸಾಕಾಯ್ತು" ಎಂದು ಅದರ ಮೇಲೆ ಬರೆದೂ ಇತ್ತು.

ಆ ಸ್ಟಿಕರನ್ನು ಕಂಪ್ಯೂಟರಿನಲ್ಲಿ ದೊಡ್ಡದಾಗಿ ತೆರೆದು ನೋಡಿದರೆ ಯಾರೂ ಅದನ್ನು ಅಳು ಅನ್ನುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಬರೆಯುವವರು ದೊಡ್ಡದಾಗಿ ಬರೆಯುತ್ತಾರೆ, ನೋಡುವವರು ಚಿಕ್ಕದಾಗಿ ನೋಡುತ್ತಾರೆ. ವಾಟ್ಸಾಪ್‌ಗೆ ಸ್ಟಿಕರ್ ಕೊಡಬೇಕಾದ ಅಳತೆ ಉದ್ದ ಅಗಲ ಎರಡೂ 512 ಪಿಕ್ಸೆಲ್. ಆದರೆ ಕಾಣುವುದು ಎಷ್ಟು? ನನ್ನ ಫೋನಿನ ಮೇಲೆ ಶಾಲೆಯ ಸ್ಕೇಲ್ ಇಟ್ಟು ಅಳೆದೆ. ಚಾಟಿನೊಳಗೆ ಒಂದು ಸ್ಟಿಕರ್ ಸುಮಾರು 26 ಮಿಲಿಮೀಟರ್. ಕಳಿಸುವ ಮುಂಚೆ ಆರಿಸಿಕೊಳ್ಳುವ ತಟ್ಟೆಯಲ್ಲಿ ಸಾಲಿಗೆ ನಾಲ್ಕರಂತೆ ಇರುವಾಗ ಸುಮಾರು 15 ಮಿಲಿಮೀಟರ್, ಅಂದರೆ ಹೆಬ್ಬೆರಳ ಉಗುರಿನಷ್ಟು. ಯಾರಾದರೂ ಆ ಸ್ಟಿಕರಿಗೆ ಉತ್ತರ ಬರೆದರೆ ಅದು ಉತ್ತರದ ಮೇಲೆ ಪುಟ್ಟದಾಗಿ ಕೂರುತ್ತದಲ್ಲ, ಅಲ್ಲಿ ಸುಮಾರು 8 ಮಿಲಿಮೀಟರ್. ನಿಮ್ಮ ಫೋನಿನಲ್ಲಿ ಒಂದೆರಡು ಮಿಲಿಮೀಟರ್ ಆಚೀಚೆ ಇರಬಹುದು.

ಈ ಮೂರರಲ್ಲಿ ಮುಖ್ಯವಾದದ್ದು ನಡುವಿನದು, ಉಗುರಿನ ಅಳತೆ. ಮಗು ಸ್ಟಿಕರನ್ನು ಆರಿಸುವುದು ಆ ಅಳತೆಯಲ್ಲಿ. ಅಜ್ಜಿ ನೋಡುವುದು 26 ಮಿಲಿಮೀಟರಿನಲ್ಲಾದರೂ, ಕನ್ನಡಕ ಇಲ್ಲದೆ ಕೈ ಉದ್ದ ಚಾಚಿ ಹಿಡಿದಿರುತ್ತಾರೆ. ದೂರ ಎರಡರಷ್ಟಾದರೆ ಕಣ್ಣಿಗೆ ಕಾಣುವ ಅಳತೆ ಅರ್ಧವಾಗುತ್ತದೆ. ಹಾಗಾಗಿ ಅವರಿಗೂ ಅದು ಉಗುರಿನಷ್ಟೇ. ಸ್ಕ್ರೀನ್ ಗಾರ್ಡಿನ ಗೀರು, ಬ್ಯಾಟರಿ ಉಳಿಸಲು ಕಡಿಮೆ ಮಾಡಿದ ಬೆಳಕು ಇವೆಲ್ಲ ಮೇಲಿಂದ.

ಈಗ ಆ ನಗುವ ಹುಡುಗಿಯನ್ನು ಉಗುರಿನ ಅಳತೆಯಲ್ಲಿ ನೋಡೋಣ. ಚಿತ್ರದಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಾಳೆ. ಪೂರ್ತಿ ದೇಹ ಬರೆದಿರುವುದರಿಂದ ತಲೆಗೆ ಸಿಕ್ಕಿದ್ದು ಎತ್ತರದ ಮೂರನೇ ಒಂದು ಭಾಗ, ಅಂದರೆ 5 ಮಿಲಿಮೀಟರ್. ಅದರೊಳಗೆ ಕಣ್ಣು, ಹುಬ್ಬು, ಬಾಯಿ ಎಲ್ಲ ಇರಬೇಕು. ದೊಡ್ಡದಾಗಿ ನೋಡಿದಾಗ ಬಾಯಿಯ ಎರಡು ತುದಿಗಳೂ ಮೇಲಕ್ಕೆ ಎದ್ದಿವೆ, ಹಲ್ಲು ಕಾಣುತ್ತವೆ. ಚಿಕ್ಕದಾದಾಗ ತುದಿಗಳೂ ಹಲ್ಲೂ ಕರಗಿ ಬಾಯಿ ಒಂದು ಕಪ್ಪು ಗುಂಡಾಗುತ್ತದೆ. ಮುಚ್ಚಿದ ಕಣ್ಣುಗಳನ್ನು ತೊಟ್ಟಿಲಿನ ಹಾಗೆ ಕೆಳಕ್ಕೆ ಬಾಗಿಸಿ ಬರೆದಿದ್ದಾರೆ. ಹಾಗೆ ಬಾಗಿದ ಕಣ್ಣು ನಿದ್ದೆಯದ್ದು, ಇಲ್ಲವೇ ಅಳುವಿನದು. ನಗುವಾಗ ಕೆನ್ನೆ ಮೇಲೇರಿ ಕೆಳಗಿನ ರೆಪ್ಪೆಯನ್ನು ಒತ್ತುತ್ತದೆ, ಆಗ ಮುಚ್ಚಿದ ಕಣ್ಣು ಬಾಗಿಲಿನ ಕಮಾನಿನ ಹಾಗೆ ಮೇಲಕ್ಕೆ ಬಾಗುತ್ತದೆ. ಕನ್ನಡಿ ಮುಂದೆ ನಿಂತು ನಕ್ಕು ನೋಡಿಕೊಳ್ಳಿ. ಕೊನೆಗೆ ಕಣ್ಣೀರು. ನಗುವಿನ ಕಣ್ಣೀರು ಕಾಣಲಿ ಎಂದು ಬರೆದವರು ಅದನ್ನು ದೊಡ್ಡದಾಗಿ, ಗಾಢ ನೀಲಿಯಲ್ಲಿ ಮಾಡಿದ್ದಾರೆ. ಕೆಂಪು ಲಂಗ, ಹಳದಿ ರವಿಕೆಯ ನಡುವೆ ಇರುವ ಒಂದೇ ನೀಲಿ ಅದು. ಉಳಿದೆಲ್ಲ ಕರಗಿದ ಮೇಲೂ ಅದು ಮಾತ್ರ ಕಾಣುತ್ತದೆ. ಗುಂಡು ಬಾಯಿ, ಬಾಗಿದ ಕಣ್ಣು, ನೀಲಿ ನೀರು. ಹಾಸನದ ಅಜ್ಜಿ ಓದಿದ್ದು ಸರಿಯಾಗಿಯೇ ಇದೆ.

ತಿದ್ದಿದ್ದು ಹೀಗೆ. ದೇಹ ತೆಗೆದು ತಲೆ ಮತ್ತು ಭುಜ ಮಾತ್ರ ಇಟ್ಟರು. ತಲೆ ಈಗ ಸ್ಟಿಕರಿನ ಅರ್ಧಕ್ಕಿಂತ ಹೆಚ್ಚು. ಬಾಯಿಯನ್ನು ಮೇಲೆ ನೇರ ಗೆರೆ, ಕೆಳಗೆ ಅರ್ಧಚಂದ್ರ ಮಾಡಿದರು. ಕಣ್ಣನ್ನು ಕಮಾನು ಮಾಡಿದರು. ತಲೆಯನ್ನು ಹಿಂದಕ್ಕೆ ಬಾಗಿಸಿದರು, ಏಕೆಂದರೆ ಅಳುವವರು ತಲೆ ತಗ್ಗಿಸುತ್ತಾರೆ, ನಗುವವರು ಹಿಂದಕ್ಕೆ ವಾಲುತ್ತಾರೆ, ಮತ್ತು ಈ ವಾಲುವಿಕೆ 8 ಮಿಲಿಮೀಟರಿನಲ್ಲೂ ಉಳಿಯುತ್ತದೆ. ಕಣ್ಣೀರನ್ನು ಪೂರ್ತಿ ತೆಗೆದುಬಿಟ್ಟರು. ಬರೆದವರಿಗೆ ಅದು ಸ್ವಲ್ಪ ನೋವಾಯಿತು, ಅವರಿಗೆ ಆ ಹನಿಗಳ ಮೇಲೆ ಪ್ರೀತಿ ಇತ್ತು.

ಇಂಥ ಗೊಂದಲ ಮನೆಯಲ್ಲಿ ಬರೆದ ಚಿತ್ರಗಳಿಗೆ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ. 2016ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಎಮೋಜಿಗಳನ್ನು ಜನರಿಗೆ ತೋರಿಸಿ, ಇದು ಸಂತೋಷವೋ ಬೇಸರವೋ ಎಂದು ಕೇಳಿದರು. ಹಲ್ಲು ಕಿರಿದು ನಗುವ ಒಂದು ಎಮೋಜಿ, ಆಗಿನ ಆ್ಯಪಲ್ ಫೋನಿನ ರೂಪದಲ್ಲಿ, ಅನೇಕರಿಗೆ ನಗುವಾಗಿ ಕಾಣಲೇ ಇಲ್ಲ. ಅದೇ ಎಮೋಜಿ ಬೇರೆ ಕಂಪನಿಗಳ ಫೋನಿನಲ್ಲಿ ನಗುವಾಗಿಯೇ ಕಂಡಿತು. ಎರಡು ಸಾಲು ಹಲ್ಲು ಒತ್ತಿ ಹಿಡಿದ ಹಾಗೆ ಬರೆದರೆ ನಗುವೂ ಸಿಟ್ಟೂ ಒಂದೇ ಆಗಿಬಿಡುತ್ತದೆ. ನೀವು ನೋಡುತ್ತಿರುವ ಪ್ಯಾಕಿನಲ್ಲಿ ಹಲ್ಲು ಕಿರಿಯುವ ಮುಖಗಳಿದ್ದರೆ ಅವನ್ನು ಮೊದಲು ಪರೀಕ್ಷೆಗೆ ಇಡಿ.

ಮುಖದ ವಿಷಯ ಇಷ್ಟು. ಬರಹದ ವಿಷಯ ಇನ್ನೂ ಸೂಕ್ಷ್ಮ, ಯಾಕೆಂದರೆ ಅದು ನಮ್ಮ ಲಿಪಿಯದ್ದೇ ಸಮಸ್ಯೆ.

ಉಗುರಿನ ಅಳತೆಯಲ್ಲಿ 512 ಪಿಕ್ಸೆಲ್ 15 ಮಿಲಿಮೀಟರಿಗೆ ಇಳಿಯುತ್ತದೆ ಅಂದೆನಲ್ಲ, ಹಾಗಾದರೆ 85 ಪಿಕ್ಸೆಲ್ ಎತ್ತರದ ಅಕ್ಷರ ಎರಡೂವರೆ ಮಿಲಿಮೀಟರ್ ಆಗುತ್ತದೆ. ಓದು ಕಲಿಯುತ್ತಿರುವ ಮಗುವಿಗೆ ಅದಕ್ಕಿಂತ ಚಿಕ್ಕದು ಬೇಡ ಎಂಬುದು ನನ್ನ ಲೆಕ್ಕ. ಸ್ಟಿಕರಿನ ಎತ್ತರದ ಆರನೇ ಒಂದು ಭಾಗ ಎಂದು ನೆನಪಿಟ್ಟುಕೊಳ್ಳಿ. ಇಂಗ್ಲಿಷ್ ಅಕ್ಷರವಾದರೆ ಅಲ್ಲಿಗೆ ಲೆಕ್ಕ ಮುಗಿಯಿತು. ಕನ್ನಡದಲ್ಲಿ ಒತ್ತಕ್ಷರ ಅಕ್ಷರದ ಕೆಳಗೆ ಇಳಿಯುತ್ತದೆ, ದೀರ್ಘ ಬಲಕ್ಕೆ ಚಾಚುತ್ತದೆ. ಕೆಳಗೂ ಜಾಗ ಬೇಕು, ಪಕ್ಕಕ್ಕೂ ಜಾಗ ಬೇಕು. ಒತ್ತು ಮೂಲ ಅಕ್ಷರದ ಸುಮಾರು ಅರ್ಧ ಇರುತ್ತದೆ, ಅಂದರೆ ಒಂದೂಕಾಲು ಮಿಲಿಮೀಟರ್. ಅದರೊಳಗೆ ಒಂದು ಸುಳಿ. ಅದು ತುಂಬಿಕೊಂಡು ಚುಕ್ಕೆಯಾಗುತ್ತದೆ.

ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ, ಏಕೆಂದರೆ ಅವರು ಶಾಲೆಯಲ್ಲಿ ಐರಿಶ್ ಭಾಷೆ ಕಲಿಯುತ್ತಾರೆ. ಅಲ್ಲಿ ಸ್ವರಾಕ್ಷರದ ಮೇಲೆ ಹಾಕುವ 'ಫಾಡಾ' ಎಂಬ ಗೀರು ಎಲ್ಲ ಮಕ್ಕಳಿಗೂ ಗೊತ್ತು. ಗೀರು ಇಲ್ಲದಿದ್ದರೆ 'ಫ್ಯಾರ್', ಅಂದರೆ ಗಂಡಸು. ಗೀರು ಬಂದರೆ 'ಫೇರ್', ಅಂದರೆ ಹುಲ್ಲು. ನಮ್ಮ ಪ್ಯಾಕಿನಲ್ಲೂ ಅಂಥದ್ದೇ ಒಂದು ಇತ್ತು: 'ಭಲೇ'. ಮಹಾಪ್ರಾಣವನ್ನು ತೋರಿಸುವುದು ಅಕ್ಷರದ ಬುಡದ ಸಣ್ಣ ಸೀಳು, ದೀರ್ಘವನ್ನು ತೋರಿಸುವುದು ಬಲಗಡೆಯ ಸಣ್ಣ ಕೊಂಡಿ. ಉಗುರಿನ ಅಳತೆಯಲ್ಲಿ ಎರಡೂ ಹೋದವು. ಓದು ಕಲಿತಿರುವ ಎಂಟು ವರ್ಷದ ಹುಡುಗ ಗಟ್ಟಿಯಾಗಿ ಓದಿದ: "ಬಲೆ." ಮೀನಿನ ಬಲೆ.

ಆ ಸ್ಟಿಕರಿಗೆ ಬರಹವೊಂದೇ ಕಷ್ಟವಲ್ಲ. ಅದು ಯಕ್ಷಗಾನದ ವೇಷ. ಕಿರೀಟವೇ ಅರ್ಧ ಸ್ಟಿಕರ್, ಎದೆಪದಕ, ಭುಜಕೀರ್ತಿ ಎಲ್ಲ ಸೇರಿ ಮುಖಕ್ಕೆ ಉಳಿದದ್ದು 4 ಮಿಲಿಮೀಟರ್. ಮಕ್ಕಳೆಲ್ಲ "ಯಕ್ಷಗಾನ!" ಎಂದು ಕೂಡಲೇ ಗುರುತಿಸಿದರು, ಆದರೆ "ಇವನು ಏನು ಹೇಳ್ತಿದ್ದಾನೆ?" ಎಂದು ಕೇಳಿದರೆ "ಸಿಟ್ಟು ಬಂದಿದೆ" ಎಂದರು. ಬಣ್ಣ ಬಳಿದ ದೊಡ್ಡ ಕಣ್ಣು ಚಿಕ್ಕದಾದಾಗ ಮೆಚ್ಚುಗೆಯದ್ದೋ ರೌದ್ರದ್ದೋ ತಿಳಿಯುವುದಿಲ್ಲ. ಯಾರು ಎಂದು ಗೊತ್ತಾಗುವುದು ಬೇರೆ, ಏನು ಹೇಳುತ್ತಿದ್ದಾನೆ ಎಂದು ಗೊತ್ತಾಗುವುದು ಬೇರೆ. ಕನ್ನಡದ ಗುರುತು ಇರಲಿ ಎಂದು ಹಾಕುವ ಚಿತ್ರಗಳು ಹೆಚ್ಚಾಗಿ ಮೊದಲನೆಯದರಲ್ಲಿ ಪಾಸಾಗಿ ಎರಡನೆಯದರಲ್ಲಿ ಬೀಳುತ್ತವೆ. ಕಿರೀಟ ತೆಗೆದರೆ ಯಕ್ಷಗಾನ ಉಳಿಯುವುದಿಲ್ಲ, ಇಟ್ಟರೆ ಮಾತು ಉಳಿಯುವುದಿಲ್ಲ. ಅದನ್ನು ಪ್ಯಾಕಿನಿಂದ ತೆಗೆದು, ಕುಂದಾಪುರದ ತಾತನೊಬ್ಬರಿಗೆ ದೊಡ್ಡ ಚಿತ್ರವಾಗಿ ಕಳಿಸಲಾಯಿತು. ಅವರಿಗೆ ತುಂಬ ಖುಷಿಯಾಯಿತಂತೆ.

ತಿದ್ದಿ ಉಳಿಸಿಕೊಂಡ ಬರಹದ ಉದಾಹರಣೆಯೂ ಇದೆ. ಶಾಲಾಚೀಲ ಹಾಕಿಕೊಂಡ ಹುಡುಗ ಕೈ ಎತ್ತಿದ್ದಾನೆ, ಕೆಳಗೆ "ಅಜ್ಜಿ, ಶಾಲೆಗೆ ಹೋಗ್ಬರ್ತೀನಿ" ಎಂದು 40 ಪಿಕ್ಸೆಲ್ಲಿನ ಅಕ್ಷರ. ಉಗುರಿನಲ್ಲಿ ಅದು ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು, ಅಂದರೆ ಒಂದು ಬೂದು ಗೆರೆ. ಎತ್ತಿದ ಕೈಯೊಂದರಿಂದ ಬಂದನೋ, ಹೊರಟನೋ, ನಿಲ್ಲು ಅನ್ನುತ್ತಿದ್ದಾನೋ ಗೊತ್ತಾಗುವುದಿಲ್ಲ. ಮೊದಲು ಚಿತ್ರ ತಿದ್ದಿದರು: ಹುಡುಗ ಬೆನ್ನು ತೋರಿಸಿ ಹೊರಟಿದ್ದಾನೆ, ಚೀಲ ನಮ್ಮ ಕಡೆ, ಮುಖ ಮಾತ್ರ ತಿರುಗಿದೆ. ಈಗ ಹೊರಡುತ್ತಿದ್ದಾನೆ ಎನ್ನುವುದರಲ್ಲಿ ಅನುಮಾನವಿಲ್ಲ. ಚೀಲವೇ ಶಾಲೆ ಎಂದು ಹೇಳುತ್ತದೆ, ಕಳಿಸುವುದೇ ಅಜ್ಜಿಗೆ, ಹಾಗಾಗಿ ಮೊದಲ ಎರಡು ಪದ ಬೇಡ. 'ಹೋಗ್ಬರ್ತೀನಿ' ಉಳಿಯಿತು. ಅದರಲ್ಲಿ 'ಗ್ಬ' ಒತ್ತು ಕೆಳಗಿಳಿದು ಜಾಗ ತಿನ್ನುತ್ತದೆ, 'ಹೋ' ಪಕ್ಕಕ್ಕೆ ಎರಡಕ್ಷರದಷ್ಟು ಅಗಲ.

ಒಬ್ಬರು 'ಟಾಟಾ' ಹಾಕೋಣ ಎಂದರು. ಒತ್ತಿಲ್ಲ, ಎರಡೇ ಅಕ್ಷರ, ಗೋಡೆಯಷ್ಟು ದೊಡ್ಡದಾಗಿ ಬರೆಯಬಹುದು. ಓದಲು ಸುಲಭವೂ ಹೌದು. ಆದರೆ ಹೊರಡುವಾಗಲೂ 'ಬರ್ತೀನಿ' ಅನ್ನುವುದೇ ಆ ಮಾತಿನ ಜೀವ, ಅದನ್ನು ಬಿಡುವುದಾದರೆ ಕೈ ಬೀಸುವ ಯಾವ ಎಮೋಜಿಯಾದರೂ ಸಾಕಲ್ಲ? ಕೊನೆಗೆ 'ಬರ್ತೀನಿ' ಎಂದಷ್ಟೇ ಇಟ್ಟರು. ಅರ್ಕಾವೊತ್ತು ಬೇರೆ ಒತ್ತುಗಳಂತೆ ಕೆಳಕ್ಕೆ ಇಳಿಯದೆ ಪಕ್ಕದಲ್ಲೇ ಕೂರುವುದರಿಂದ ಎತ್ತರ ಉಳಿಯಿತು. ಅಂಚಿಗೆ ಬಿಡಬೇಕಾದ 16 ಪಿಕ್ಸೆಲ್ ಎರಡೂ ಕಡೆ ಬಿಟ್ಟರೆ 480 ಸಿಗುತ್ತದೆ. 95 ಪಿಕ್ಸೆಲ್ ಎತ್ತರದ 'ಬರ್ತೀನಿ' ಅದರಲ್ಲಿ ನೆಮ್ಮದಿಯಾಗಿ ಹಿಡಿಸಿತು.

ಈ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಇನ್ನೊಂದು. ಒತ್ತಿಲ್ಲದ ಚಿಕ್ಕ ಪದಗಳ ಪಟ್ಟಿ ಮಾಡುತ್ತಾ ಕೂತಾಗ ಬಂದದ್ದು: ಬೇಕು, ಬೇಡ, ಸಾಕು, ಸರಿ, ಹೌದು. ಎಲ್ಲವೂ ಎರಡೇ ಅಕ್ಷರ. ಮಗು ಕಲಿಯುವ ಮೊದಲ ಕನ್ನಡವೂ ಇದೇ. ಇನ್ನೊಂದು ಗುಣ ಇವುಗಳಿಗಿದೆ: ಇವುಗಳಲ್ಲಿ ನೀನು ನೀವು ಎಂಬ ತಂಟೆ ಇಲ್ಲ. ಪ್ಯಾಕಿನಲ್ಲಿ ಕೈ ಬೀಸಿ ಕರೆಯುವ ಹುಡುಗನ ಸ್ಟಿಕರ್ ಇತ್ತು, ಮೇಲೆ 'ಬಾರೋ' ಎಂದು ಸಣ್ಣಕ್ಷರ. ತಟ್ಟೆಯಲ್ಲಿ ಅಕ್ಷರ ಕಾಣದ ಮೇಲೆ ಮಗು ಚಿತ್ರ ನೋಡಿ ಆರಿಸುತ್ತದೆ. ಕರೆಯುವ ಚಿತ್ರ ಸರಿ, ಆದರೆ ಹೋದದ್ದು ತಾತನಿಗೆ. ನಗುವ ತಾತ ಆದರೆ ನಗುತ್ತಾರೆ. ಎಲ್ಲ ತಾತಂದಿರೂ ನಗುವುದಿಲ್ಲ, ಮತ್ತು "ಅಲ್ಲಿ ಮಗುವಿಗೆ ಮರ್ಯಾದೆ ಕಲಿಸಿಲ್ಲ" ಎಂಬ ಮಾತು ಬರುವುದು ಮಗುವಿಗಲ್ಲ, ನಿಮಗೆ. ಕೆಲವು ಮನೆಗಳಲ್ಲಿ ಅಜ್ಜಿಗೆ 'ನೀನು', ತಾತನಿಗೆ 'ನೀವು' ಎನ್ನುವ ರೂಢಿ ಇದೆ, ಒಂದೇ ಸ್ಟಿಕರ್ ಇಬ್ಬರಿಗೂ ಹೊಂದುವುದಿಲ್ಲ. 'ಊಟ ಆಯ್ತಾ?' ಎಂದರೆ ಯಾರಿಗಾದರೂ ಸರಿ. 'ಊಟ ಮಾಡಿದ್ಯಾ?' ಎಂದರೆ ಅಲ್ಲ. ಪ್ಯಾಕ್ ನೋಡುವಾಗ ಬೆರಳಿಟ್ಟು ಹುಡುಕಿ, 'ಬಾರೋ', 'ಹೋಗೋ', 'ನೋಡೋ' ಬಗೆಯವು ಎಷ್ಟಿವೆ ಎಂದು. ಗೆಳೆಯರ ಗುಂಪಿಗಾಗಿ ಮಾಡಿದ ಪ್ಯಾಕುಗಳಲ್ಲಿ ಅವು ಧಾರಾಳವಾಗಿರುತ್ತವೆ.

ಆದರೆ ಚಿಕ್ಕ ಪದಗಳಿಗೂ ಒಂದು ಅಪಾಯ ಇದೆ. 'ಬೇಕು', 'ಬೇಡ' ಎರಡೂ 'ಬೇ'ಯಿಂದ ಶುರು. ಅರ್ಥ ತದ್ವಿರುದ್ಧ, ವ್ಯತ್ಯಾಸ ಒಂದೇ ಅಕ್ಷರ. ನಮ್ಮ ಪ್ಯಾಕಿನಲ್ಲಿ ಎರಡಕ್ಕೂ ಅದೇ ಹುಡುಗಿ, ಅದೇ ನಿಲುವು, ಎದುರಿಗೆ ಅದೇ ದೋಸೆ. ಒಂದರಲ್ಲಿ ಹಸಿರು ಅಕ್ಷರ, ಇನ್ನೊಂದರಲ್ಲಿ ಕೆಂಪು. ಫೋನಿನ ಸೆಟ್ಟಿಂಗ್‌ಗೆ ಹೋಗಿ ಬಣ್ಣವನ್ನೆಲ್ಲ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದೆವು: ಎರಡೂ ಒಂದೇ ಸ್ಟಿಕರ್. ಈಗ 'ಬೇಕು' ಹುಡುಗಿ ಎರಡೂ ಕೈ ಮುಂದಕ್ಕೆ ಚಾಚಿದ್ದಾಳೆ, 'ಬೇಡ' ಹುಡುಗಿ ಮುಖ ಪಕ್ಕಕ್ಕೆ ತಿರುಗಿಸಿ ಅಂಗೈ ಅಡ್ಡ ಹಿಡಿದಿದ್ದಾಳೆ. ಕೈ ದೇಹದ ಹೊರಗೆ ಚಾಚಿರುವುದರಿಂದ ಬರೀ ಹೊರಗೆರೆಯಲ್ಲೇ ವ್ಯತ್ಯಾಸ ತಿಳಿಯುತ್ತದೆ.

ಹೊರಗೆರೆ ಅಂದಾಗ ನೆನಪಾಯಿತು. ಸ್ಟಿಕರ್‌ಗಳಿಗೆ ಹಿನ್ನೆಲೆ ಇರುವುದಿಲ್ಲ, ಚಾಟಿನ ಹಿನ್ನೆಲೆಯ ಮೇಲೆ ನೇರವಾಗಿ ಕೂರುತ್ತವೆ. ಡಾರ್ಕ್ ಮೋಡ್ ಹಾಕಿದ ಫೋನಿನಲ್ಲಿ ಕಪ್ಪು ಜಡೆಯ ಹುಡುಗಿಗೆ ಜಡೆಯೇ ಇಲ್ಲ, ಮುಖ ಮಾತ್ರ ತೇಲುತ್ತದೆ. ಅದಕ್ಕೇ ವಾಟ್ಸಾಪ್‌ನವರು ಚಿತ್ರದ ಸುತ್ತ 8 ಪಿಕ್ಸೆಲ್ ಬಿಳಿ ಅಂಚು ಹಾಕಿ ಎನ್ನುತ್ತಾರೆ. ಯಾವುದೇ ಪ್ಯಾಕ್ ಇಳಿಸಿಕೊಂಡ ಕೂಡಲೇ ಡಾರ್ಕ್ ಮೋಡಿನಲ್ಲಿ ಒಮ್ಮೆ, ಬಿಳಿಯಲ್ಲಿ ಒಮ್ಮೆ ನೋಡಿ. ಅರ್ಧ ನಿಮಿಷದ ಕೆಲಸ.

ಇನ್ನು ಪರೀಕ್ಷೆ ಮಾಡುವ ಬಗೆ. ನಿಮಗೆ ಮೂರು ಜನ ಬೇಕು: ಮಗು, ಅಜ್ಜಿ ಅಥವಾ ತಾತ, ಮತ್ತು ಕನ್ನಡ ಬರದ ಒಬ್ಬರು. ಮೂರನೆಯವರು ಐರ್ಲೆಂಡಿನಲ್ಲಿ ಪಕ್ಕದ ಮನೆಯಲ್ಲೇ ಸಿಗುತ್ತಾರೆ, ಒಂದು ಕಪ್ ಟೀ ಸಾಕು. ಅವರಿಗೆ ಅಕ್ಷರ ಓದಲು ಬಾರದಿರುವುದೇ ನಮಗೆ ಉಪಯೋಗ, ಅವರು ಚಿತ್ರವನ್ನು ಮಾತ್ರ ಓದುತ್ತಾರೆ. ಮಗುವಿಗೂ ಪಕ್ಕದ ಮನೆಯವರಿಗೂ ತಟ್ಟೆಯ ಅಳತೆಯಲ್ಲೇ ತೋರಿಸಿ. ಒಂದೊಂದಕ್ಕೆ ಎರಡು ಸೆಕೆಂಡ್, ಆಮೇಲೆ ಫೋನ್ ತಿರುಗಿಸಿಬಿಡಿ. "ಇದು ನಗುವಾ?" ಎಂದು ಕೇಳಬೇಡಿ, ಆಗ ಎಲ್ಲರೂ ಹೌದು ಎನ್ನುತ್ತಾರೆ. "ಇದು ಏನು ಹೇಳ್ತಿದೆ?" ಎಂದು ಕೇಳಿ, ಬಾಯಿಗೆ ಬಂದ ಮೊದಲ ಪದ ಬರೆದುಕೊಳ್ಳಿ. ಅಜ್ಜಿಗೆ ಚಾಟಿನಲ್ಲೇ ಒಂದೊಂದಾಗಿ ಕಳಿಸಿ, ಅವರ ಮಾಮೂಲಿ ಫೋನಿನಲ್ಲಿ, ಮಾಮೂಲಿ ಕುರ್ಚಿಯಲ್ಲಿ ನೋಡಿ ಹೇಳಲಿ. ಕನ್ನಡಕ ಹಾಕಿಕೊಳ್ಳಿ ಎಂದು ನೆನಪಿಸಬೇಡಿ.

ಉತ್ತರಗಳನ್ನು ಮೂರು ಬಗೆ ಮಾಡಿ: ಸರಿ, ಗೊತ್ತಾಗಲಿಲ್ಲ, ಉಲ್ಟಾ. ಗೊತ್ತಾಗದ ಸ್ಟಿಕರಿನಿಂದ ಹಾನಿ ಕಡಿಮೆ, ಅಜ್ಜಿ ಒಂದು ಹೃದಯ ಕಳಿಸಿ ಸುಮ್ಮನಾಗುತ್ತಾರೆ. ಉಲ್ಟಾ ಓದಿದ್ದನ್ನು ಒಬ್ಬರೇ ಓದಿದ್ದರೂ ತೆಗೆದುಬಿಡಿ. ಪಕ್ಕದ ಮನೆಯವರು ಸರಿ ಹೇಳಿ ಅಜ್ಜಿ ತಪ್ಪು ಹೇಳಿದರೆ ಹೆಚ್ಚಾಗಿ ಬರಹ ದಾರಿ ತಪ್ಪಿಸಿರುತ್ತದೆ, ಅಥವಾ ಆ ಅಂಗಸನ್ನೆ ನಮ್ಮ ಕಡೆ ಬೇರೆ ಅರ್ಥ ಕೊಡುತ್ತದೆ. ಅಜ್ಜಿ ಸರಿ ಹೇಳಿ ಪಕ್ಕದ ಮನೆಯವರು ತಪ್ಪು ಹೇಳಿದರೆ ಚಿಂತೆ ಬೇಡ. ಕೈಮುಗಿದ ಸ್ಟಿಕರನ್ನು ನಮ್ಮ ಪಕ್ಕದ ಮನೆಯವರು "ಪ್ರಾರ್ಥನೆ" ಎಂದರು, ಅಜ್ಜಿಯಂದಿರೆಲ್ಲ "ನಮಸ್ಕಾರ" ಎಂದರು. ಅದು ಹೋಗುವುದು ಅಜ್ಜಿಗೆ.

ಓದಲು ಬಂದರೆ ಸಾಲದು, ಮಗುವಿಗೆ ಹೇಳಬೇಕಾದ್ದು ಪ್ಯಾಕಿನಲ್ಲಿ ಇರಬೇಕಲ್ಲ. ಇದನ್ನು ನೋಡಲು ಕಳೆದ ವಾರದ ಅಜ್ಜಿಯ ಚಾಟ್ ತೆರೆಯಿರಿ. ಮಗು ವಾಯ್ಸ್ ಮೆಸೇಜಿನಲ್ಲಿ, ವಿಡಿಯೋ ಕರೆಯಲ್ಲಿ ಏನೇನು ಹೇಳಿತು ಎಂದು ಹತ್ತು ಮಾತು ಬರೆದುಕೊಳ್ಳಿ. ಪ್ಯಾಕಿನಲ್ಲಿ ಅವುಗಳಲ್ಲಿ ಎಷ್ಟಿವೆ? ನಮ್ಮ 24ರಲ್ಲಿ ಒಂಬತ್ತು ಹಬ್ಬದ ಶುಭಾಶಯ, ನಾಲ್ಕು ಶುಭೋದಯ ಶುಭರಾತ್ರಿ ಬಗೆಯವು. ಅವೆಲ್ಲ ದೊಡ್ಡವರ ಮಾತು. ಏಳು ವರ್ಷದ ಮಗು ಯಾರಿಗೂ ಶುಭೋದಯ ಹೇಳುವುದಿಲ್ಲ. ಅದು ಹೇಳುವುದು "ಹಲ್ಲು ಬಿತ್ತು", "ಮಳೆ", "ಗೊತ್ತಿಲ್ಲ", "ಆಮೇಲೆ", "ನಾನು ಗೆದ್ದೆ", "ನಂಗೆ ಕೋಪ". ಅದರಲ್ಲೂ ಕೋಪ. ಎಲ್ಲ ಸ್ಟಿಕರೂ ನಗುತ್ತಿದ್ದರೆ ಮುನಿಸಿಕೊಂಡ ಮಗು ಇಂಗ್ಲಿಷಿಗೆ ಹೋಗುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ಹಬ್ಬದವುಗಳಲ್ಲಿ ಯುಗಾದಿ ಮತ್ತು ದೀಪಾವಳಿ ಉಳಿಸಿ ಏಳನ್ನು ತೆಗೆದರು. ಆ ಜಾಗಕ್ಕೆ ಈ ಮಾತುಗಳು ಬಂದವು. ಬಿದ್ದ ಹಲ್ಲಿನ ಸ್ಟಿಕರ್ ಮೂರೂ ಜನರ ಕೈಯಲ್ಲಿ ಒಂದೇ ಸಲಕ್ಕೆ ಪಾಸಾಯಿತು: ಬಾಯಿ ತೆರೆದ ದೊಡ್ಡ ಮುಖ, ನಡುವೆ ಒಂದು ಕಪ್ಪು ಕಿಂಡಿ, ಅಕ್ಷರವೇ ಇಲ್ಲ.

ಕಾರ್ಕ್‌ನ ಓದುಗರಿಗೆ ಒಂದು ಮಾತು. ಯೂರೋಪಿನಲ್ಲಿ ವಾಟ್ಸಾಪ್ ಬಳಸಲು ಕನಿಷ್ಠ ವಯಸ್ಸು 2024ರ ಏಪ್ರಿಲ್‌ನಿಂದ 13, ಅದಕ್ಕೂ ಮುಂಚೆ 16 ಇತ್ತು. ವಿಕ್ಲೋದ ಗ್ರೇಸ್ಟೋನ್ಸ್‌ನಲ್ಲಿ ಪ್ರಾಥಮಿಕ ಶಾಲೆಗಳ ಪೋಷಕರು 2023ರಲ್ಲಿ ಒಟ್ಟಾಗಿ ಸೆಕೆಂಡರಿ ಶಾಲೆಯವರೆಗೆ ಮಕ್ಕಳಿಗೆ ಸ್ಮಾರ್ಟ್‌ಫೋನ್ ಬೇಡ ಎಂದು ತೀರ್ಮಾನಿಸಿದ್ದು ನಿಮಗೆ ಗೊತ್ತಿರಬಹುದು. ಹಾಗಾಗಿ ನಿಮ್ಮ ಮಗಳು ಇನ್ನೂ ಕೆಲವು ವರ್ಷ ನಿಮ್ಮ ಫೋನಿನಿಂದಲೇ ಕಳಿಸುತ್ತಾಳೆ, ಅಂದರೆ ನಿಮ್ಮ ಆಫೀಸ್ ಗೆಳೆಯರ ಸ್ಟಿಕರ್‌ಗಳ ಪಕ್ಕದಲ್ಲೇ ಅವಳವೂ ಇರುತ್ತವೆ. ಪರೀಕ್ಷೆಯಲ್ಲಿ ಗೆದ್ದವನ್ನು ಒಂದೊಂದಾಗಿ ಒತ್ತಿ ಹಿಡಿದು ಮೆಚ್ಚಿನವುಗಳಿಗೆ ಸೇರಿಸಿ. ತಟ್ಟೆಯಲ್ಲಿ ನಕ್ಷತ್ರದ ಗುರುತಿನ ಕೆಳಗೆ ಅವು ಮಾತ್ರ ಬರುತ್ತವೆ, ಮಗಳಿಗೆ ಅದನ್ನೇ ತೆರೆದುಕೊಡಿ. ಇಡೀ ಪ್ಯಾಕ್ ಚೆನ್ನಾಗಿರಬೇಕಿಲ್ಲ. ಮೂರು ಪ್ಯಾಕಿನಿಂದ ನಾಲ್ಕು ನಾಲ್ಕು ಸಿಕ್ಕರೂ ಸಾಕು.

ನಮ್ಮ ಪ್ಯಾಕಿನಲ್ಲಿ ಇನ್ನೂ ಬಗೆಹರಿಯದೆ ಉಳಿದಿರುವುದು ಒಂದು: 'ಬೇಜಾರು'. ಮೂರು ಸಲ ಬರೆದಾಯಿತು. ಗಲ್ಲಕ್ಕೆ ಕೈ ಕೊಟ್ಟು ಕೂತ ಹುಡುಗಿಯನ್ನು ಪಕ್ಕದ ಮನೆಯವರು "ನಿದ್ದೆ" ಎಂದರು. ತುಟಿ ಕೆಳಗೆ ಮಾಡಿದ ಮುಖವನ್ನು ಅಜ್ಜಿ "ಜ್ವರ" ಎಂದರು. ಕಿಟಕಿಯಾಚೆ ಮಳೆ ನೋಡುತ್ತಿರುವ ಹುಡುಗನನ್ನು ನಮ್ಮ ಮಕ್ಕಳು "ಡಬ್ಲಿನ್" ಎಂದರು. ಕೆಲಸವಿಲ್ಲದ ಬೇಜಾರು, ಮನಸ್ಸಿಗಾದ ಬೇಜಾರು, ಅಜ್ಜಿ ನೆನಪಾದ ಬೇಜಾರು ಎಲ್ಲವೂ ಆ ಒಂದೇ ಪದದಲ್ಲಿ ಇವೆ, ಅದಕ್ಕೆ ತಕ್ಕ ಒಂದು ಮುಖ ಇನ್ನೂ ಸಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಬರೆದರೆ ಕಳಿಸಿಕೊಡಿ. 15 ಮಿಲಿಮೀಟರಿಗೆ ಇಳಿಸಿ, ಹಾಸನದ ಅಜ್ಜಿಗೆ ತೋರಿಸಿ, ಅವರು ಏನೆಂದರು ಎಂದು ಮುಂದಿನ ಕಂತಿನಲ್ಲಿ ಬರೆಯುತ್ತೇನೆ.